ಸಾವಿರಕ್ಕೆ ಎಷ್ಟು? ಗಡಿ ದಾಟಿ ಹುಟ್ಟುವ ಮಕ್ಕಳ ಲೆಕ್ಕ

ಪ್ರಶ್ನೆ: ನಾನು ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಗಣಿತ ಟೀಚರ್. ಗಣಿತ ಮೇಳಕ್ಕೆ ಮಕ್ಕಳು ಜಿಲ್ಲೆವಾರು ಜನನದ ಚಾರ್ಟ್ ಮಾಡಿದರು. ಮಲಪ್ಪುರಂನ ಕಂಬ ಎಲ್ಲಕ್ಕಿಂತ ಎತ್ತರ, ನಮ್ಮ ಕಾಸರಗೋಡಿನದ್ದು ಅದರ ಮೊಣಕಾಲಿಗೂ ಬರಲಿಲ್ಲ. ಹಾಗಾಗಿ ಸಾವಿರ ಜನಕ್ಕೆ ಇಷ್ಟು ಅಂತ ಬದಲಾಯಿಸಿದೆವು. ಈಗ ಪಕ್ಕದ ದಕ್ಷಿಣ ಕನ್ನಡ ನಮಗಿಂತ ತುಂಬಾ ಮುಂದೆ ಬಂದಿದೆ. ಎರಡೂ ಕಡೆ ಒಂದೇ ತರದ ಜನ, ಒಂದೇ ತರದ ಮನೆಗಳು. ಇಷ್ಟು ವ್ಯತ್ಯಾಸ ಹೇಗೆ? ನಮ್ಮ ಭಾಗಾಕಾರ ತಪ್ಪಾಯಿತಾ?

ಉತ್ತರ: ಭಾಗಾಕಾರ ಸರಿಯಾಗಿಯೇ ಇರಬೇಕು, ಟೀಚರ್. ತೊಂದರೆ ಇರುವುದು ಗೆರೆಯ ಮೇಲೆ ಯಾರನ್ನು ಇಟ್ಟಿದ್ದೀರಿ, ಗೆರೆಯ ಕೆಳಗೆ ಯಾರನ್ನು ಇಟ್ಟಿದ್ದೀರಿ ಎಂಬಲ್ಲಿ. ಅಂಶದಲ್ಲಿರುವ ಮಕ್ಕಳೂ ಛೇದದಲ್ಲಿರುವ ಜನರೂ ಒಂದೇ ಊರಿನವರಾಗಿರಬೇಕು. ನಮ್ಮ ಗಡಿಯಲ್ಲಿ ಅದು ಹಾಗಿರುವುದಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಎಷ್ಟೋ ತಾಯಂದಿರು ಹೆರಿಗೆಗೆ ಹೋಗುವುದು ಮಂಗಳೂರಿಗೆ ಅಥವಾ ದೇರಳಕಟ್ಟೆಗೆ. ನಿಮ್ಮ ತರಗತಿಯಲ್ಲೇ ಅಂಥ ಮಕ್ಕಳು ಇದ್ದಾರು.

ಮೊದಲು ಲೆಕ್ಕವನ್ನೇ ಒಂದು ಸಲ ಮಾಡಿ ನೋಡೋಣ. ನಿಮ್ಮ ಚಾರ್ಟಿನ ಜನನ ಸಂಖ್ಯೆಗಳು ಯಾವ ವರ್ಷದವು ಎಂದು ನೀವು ಬರೆದಿಲ್ಲ. ಅದಕ್ಕೆ ನಾನು ಲೆಕ್ಕ ಕಲಿಯಲೆಂದೇ ದುಂಡು ಸಂಖ್ಯೆಗಳನ್ನು ಹಿಡಿಯುತ್ತೇನೆ. ಇವು ನಿಜವಾದ ದಾಖಲೆಯ ಸಂಖ್ಯೆಗಳಲ್ಲ, ಮಕ್ಕಳಿಗೂ ಹಾಗೆಂದು ಹೇಳಿ. ಒಂದು ವರ್ಷದಲ್ಲಿ ನೋಂದಣಿಯಾದ ಜನನ ಕಾಸರಗೋಡಿನಲ್ಲಿ 16,000, ಮಲಪ್ಪುರಂನಲ್ಲಿ 80,000, ದಕ್ಷಿಣ ಕನ್ನಡದಲ್ಲಿ 36,000 ಎಂದಿಟ್ಟುಕೊಳ್ಳಿ. ಜನಸಂಖ್ಯೆ ಮಾತ್ರ ನಿಜವಾದದ್ದು. 2011ರ ಜನಗಣತಿಯಲ್ಲಿ ಕಾಸರಗೋಡಿನಲ್ಲಿ ಇದ್ದವರು 13,07,375. ಮಲಪ್ಪುರಂನಲ್ಲಿ 41,12,920. ದಕ್ಷಿಣ ಕನ್ನಡದಲ್ಲಿ 20,89,649.

ಮಲಪ್ಪುರಂ ನಮ್ಮ ಮೂರು ಪಟ್ಟಿಗಿಂತ ದೊಡ್ಡದು. ಅಲ್ಲಿ ಮಕ್ಕಳು ಮೂರು ಪಟ್ಟು ಹುಟ್ಟಿದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ, ಅಲ್ವಾ? ಅದಕ್ಕೇ ಸಾವಿರಕ್ಕೆ ಇಳಿಸುವುದು. ಕಾಸರಗೋಡಿನ ಜನರನ್ನು ಸಾವಿರ ಸಾವಿರದ ಗುಂಪು ಮಾಡಿದರೆ 1,307 ಗುಂಪು ಬರುತ್ತದೆ. 16,000 ಮಕ್ಕಳನ್ನು ಆ ಗುಂಪುಗಳಿಗೆ ಹಂಚಿದರೆ ಒಂದೊಂದು ಗುಂಪಿಗೆ 12.2. ಮಲಪ್ಪುರಂಗೆ 19.5. ದಕ್ಷಿಣ ಕನ್ನಡಕ್ಕೆ 17.2. ಕಂಪ್ಯೂಟರಿನಲ್ಲಿ ಮಾಡುವುದಾದರೆ ಜನಸಂಖ್ಯೆ B ಕಾಲಮಿನಲ್ಲಿ, ಜನನ C ಕಾಲಮಿನಲ್ಲಿ ಇಟ್ಟು ಇಷ್ಟು ಬರೆದರೆ ಸಾಕು:

```
=C2/B2*1000
```

ಉತ್ತರದ ಜಾಗದಲ್ಲಿ ಸಂಖ್ಯೆಯ ಬದಲು ತಪ್ಪಿನ ಸೂಚನೆ ಬಂದರೆ ಹೆಚ್ಚಾಗಿ ಕಾರಣ ಅಲ್ಪವಿರಾಮ. 13,07,375 ಎಂದು ನಮ್ಮ ಪದ್ಧತಿಯಲ್ಲಿ ಅಲ್ಪವಿರಾಮ ಹಾಕಿ ಟೈಪ್ ಮಾಡಿದರೆ ಕೆಲವು ಸಲ ಅದನ್ನು ಸಂಖ್ಯೆ ಎಂದು ತೆಗೆದುಕೊಳ್ಳುವುದಿಲ್ಲ, ಅಕ್ಷರ ಎಂದು ತಿಳಿಯುತ್ತದೆ. ಸುಮ್ನೆ 1307375 ಎಂದು ಹಾಕಿ.

ಇಲ್ಲಿಗೆ ಮಲಪ್ಪುರಂನ ಪ್ರಶ್ನೆ ಸ್ವಲ್ಪ ಬಗೆಹರಿಯಿತು. ಕಂಬದ ಎತ್ತರ ಐದು ಪಟ್ಟು ಇದ್ದದ್ದು ಒಂದೂವರೆ ಪಟ್ಟಿನಷ್ಟಕ್ಕೆ ಇಳಿಯಿತು. ಆದರೆ ನಿಮ್ಮನ್ನು ಕಾಡುತ್ತಿರುವ ದಕ್ಷಿಣ ಕನ್ನಡದ ಪ್ರಶ್ನೆ ಹಾಗೇ ಉಳಿಯಿತು. 12.2 ಮತ್ತು 17.2. ಸಾವಿರಕ್ಕೆ 5 ಮಕ್ಕಳ ವ್ಯತ್ಯಾಸ. ಗಡಿಯ ತಲಪಾಡಿಯ ಆಚೆ ಈಚೆ ಇಷ್ಟು ಅಂತರ ಇರಲು ಸಾಧ್ಯವಿಲ್ಲ ಎಂದು ನಿಮಗೆ ಅನ್ನಿಸಿತಲ್ಲ, ಆ ಅನುಮಾನ ತುಂಬಾ ಸರಿಯಾದದ್ದು.

ಜನನ ಮರಣ ನೋಂದಣಿಗೆ ನಮ್ಮ ದೇಶದಲ್ಲಿ 1969ರ ಕಾನೂನು ಇದೆ. ಅದರ ಪ್ರಕಾರ ಮಗು ಎಲ್ಲಿ ಹುಟ್ಟಿತೋ ಅಲ್ಲಿಯೇ ನೋಂದಣಿ. ತಾಯಿಯ ಮನೆ ಎಲ್ಲಿದೆ ಎಂಬುದು ಅಲ್ಲಿ ಮುಖ್ಯವಲ್ಲ. ಉಪ್ಪಳದ ಹೆಂಗಸು ಮಂಗಳೂರಿನ ಆಸ್ಪತ್ರೆಯಲ್ಲಿ ಹೆತ್ತರೆ ಮಗುವಿನ ಜನನ ಪ್ರಮಾಣಪತ್ರ ಮಂಗಳೂರಿನದ್ದು. ಮೂರು ದಿನ ಕಳೆದು ತಾಯಿ ಮಗು ಉಪ್ಪಳಕ್ಕೆ ಬರುತ್ತಾರೆ. ಮಗುವಿಗೆ ಲಸಿಕೆ ಉಪ್ಪಳದಲ್ಲಿ, ಅಂಗನವಾಡಿ ಉಪ್ಪಳದಲ್ಲಿ, ಜನಗಣತಿಯವರು ಬಂದಾಗ ಎಣಿಸುವುದೂ ಉಪ್ಪಳದಲ್ಲಿ. ಆದರೆ ಜನನದ ಲೆಕ್ಕದಲ್ಲಿ ಆ ಮಗು ದಕ್ಷಿಣ ಕನ್ನಡದ್ದು.

ಈಗ ದರದ ಗತಿ ನೋಡಿ. ಆ ಮಗು ದಕ್ಷಿಣ ಕನ್ನಡದ ಅಂಶದಲ್ಲಿ ಇದೆ, ಆದರೆ ಮಗುವಿನ ಅಮ್ಮ, ಅಪ್ಪ, ಅಜ್ಜಿ ಯಾರೂ ದಕ್ಷಿಣ ಕನ್ನಡದ ಛೇದದಲ್ಲಿ ಇಲ್ಲ. ಅವರೆಲ್ಲ ಕಾಸರಗೋಡಿನ ಛೇದದಲ್ಲಿ ಕೂತಿದ್ದಾರೆ. ಹಾಗಾಗಿ ಒಂದೇ ಮಗು ಎರಡೂ ಕಡೆ ಲೆಕ್ಕ ಕೆಡಿಸುತ್ತದೆ. ಅಲ್ಲಿ ದರ ಏರುತ್ತದೆ, ಇಲ್ಲಿ ಇಳಿಯುತ್ತದೆ.

ಇದು ಎಷ್ಟು ದೊಡ್ಡ ಪೆಟ್ಟು ಕೊಡುತ್ತದೆ ಎಂದು ಅದೇ ದುಂಡು ಸಂಖ್ಯೆಗಳಲ್ಲಿ ನೋಡೋಣ. ದಕ್ಷಿಣ ಕನ್ನಡದ 36,000 ಜನನಗಳಲ್ಲಿ 4,000 ಕಾಸರಗೋಡಿನ ತಾಯಂದಿರದ್ದು ಎಂದುಕೊಳ್ಳಿ. ಅವನ್ನು ಅಲ್ಲಿಂದ ತೆಗೆದು ಇಲ್ಲಿ ಸೇರಿಸಿದರೆ ಕಾಸರಗೋಡಿನದ್ದು 20,000, ದಕ್ಷಿಣ ಕನ್ನಡದ್ದು 32,000. ಸಾವಿರಕ್ಕೆ ಇಳಿಸಿ. ಕಾಸರಗೋಡು 15.3. ದಕ್ಷಿಣ ಕನ್ನಡವೂ 15.3. ಐದರ ಅಂತರ ಪೂರ್ತಿ ಕರಗಿಹೋಯಿತು. ಹೀಗೆ ಸರಿಯಾಗಿ ಸಮವಾಗಲಿ ಎಂದೇ ನಾನು 4,000 ಆರಿಸಿದ್ದೇನೆ, ನಿಜದಲ್ಲಿ ಇಷ್ಟು ಚಂದ ಹೊಂದಿಕೊಳ್ಳುವುದಿಲ್ಲ. ಮಕ್ಕಳು ಗಮನಿಸಬೇಕಾದದ್ದು ಬೇರೆ. ದಕ್ಷಿಣ ಕನ್ನಡದ ಜನನಗಳಲ್ಲಿ ಒಂಬತ್ತರಲ್ಲಿ ಒಂದು ಭಾಗ ಸರಿದದ್ದಕ್ಕೆ ಅವರ ದರ 17.2ರಿಂದ 15.3ಕ್ಕೆ ಬಂತು. ಅದೇ 4,000 ನಮ್ಮ ದರವನ್ನು 12.2ರಿಂದ 15.3ಕ್ಕೆ ಏರಿಸಿತು. ಚಿಕ್ಕ ಜಿಲ್ಲೆಗೆ ಪೆಟ್ಟು ಜಾಸ್ತಿ.

ಇನ್ನೊಂದು ಕಾರಣವೂ ಇದೆ, ಅದು ಆಸ್ಪತ್ರೆಯದ್ದಲ್ಲ, ಮನೆಯದ್ದು. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆ. ಪುತ್ತೂರಿಗೆ ಮದುವೆಯಾಗಿ ಹೋದ ಪೆರ್ಲದ ಹುಡುಗಿ ಏಳನೇ ತಿಂಗಳಿಗೆ ಪೆರ್ಲಕ್ಕೆ ಬರುತ್ತಾಳೆ. ಹೆರಿಗೆ ಇಲ್ಲಿಯೇ ಆದರೆ ಮಗು ಕಾಸರಗೋಡಿನ ಲೆಕ್ಕಕ್ಕೆ, ತಾಯಿ ದಕ್ಷಿಣ ಕನ್ನಡದ ಜನಸಂಖ್ಯೆಗೆ. ಇದು ಎದುರು ದಿಕ್ಕಿನ ಓಡಾಟ. ಎರಡೂ ಕಡೆಯಿಂದ ಇರುವುದರಿಂದ ಸ್ವಲ್ಪ ಮಟ್ಟಿಗೆ ಒಂದನ್ನೊಂದು ಸರಿದೂಗಿಸುತ್ತದೆ. ಆಸ್ಪತ್ರೆಯ ಓಡಾಟ ಹಾಗಲ್ಲ. ಅದು ಹೆಚ್ಚಾಗಿ ಒಂದೇ ಕಡೆಗೆ ಹರಿಯುತ್ತದೆ, ಚಿಕ್ಕ ಊರಿನಿಂದ ದೊಡ್ಡ ಊರಿಗೆ.

ನನಗೆ ಇದು ಕಲಿತದ್ದು ಕಷ್ಟಪಟ್ಟು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಂಚಾಯತ್‌ವಾರು ಮರಣ ದರದ ಪಟ್ಟಿ ಮಾಡಲು ನನಗೆ ಒಪ್ಪಿಸಿದ್ದರು. ಒಂದು ಸಣ್ಣ ಪಟ್ಟಣದ ದರ ಸುತ್ತಲಿನ ಹಳ್ಳಿಗಳ ನಾಲ್ಕು ಪಟ್ಟು ಬಂತು. ನಾನು ಎರಡು ಸಲ ಭಾಗಿಸಿ ನೋಡಿ, ಸರಿಯಾಗಿದೆ ಎಂದು ಪಟ್ಟಿ ಕೊಟ್ಟೆ. ಆ ಪಟ್ಟಣದ ನೀರಿನಲ್ಲಿ ಏನೋ ಇದೆ ಎಂಬ ಮಾತು ಆ ಪಟ್ಟಿಯಿಂದಲೇ ಹುಟ್ಟಿತು. ಅಲ್ಲಿ ಇದ್ದದ್ದು ನೀರಿನ ದೋಷವಲ್ಲ, ಒಂದು ದೊಡ್ಡ ಆಸ್ಪತ್ರೆ. ಸುತ್ತಲಿನ ಹಳ್ಳಿಗಳ ಕಾಯಿಲೆಯವರು ಕೊನೆಯ ದಿನಗಳಲ್ಲಿ ಅಲ್ಲಿಗೆ ಬಂದು ಅಲ್ಲಿಯೇ ತೀರಿಕೊಂಡಿದ್ದರು. ಹಳ್ಳಿಗಳ ಮರಣ ದರ ಕಡಿಮೆ ಬಂದದ್ದೂ ಅದೇ ಕಾರಣಕ್ಕೆ. ಆ ಪಟ್ಟಣದ ಜನ ತಿಂಗಳುಗಟ್ಟಲೆ ಬಾವಿ ನೀರಿಗೆ ಹೆದರಿದ್ದು ನನಗೆ ಈಗಲೂ ನೋವಿನ ವಿಷಯ. ಆಮೇಲೆ ಯಾವ ಪಟ್ಟಿ ಕೈಗೆ ಬಂದರೂ ನಾನು ಮೊದಲು ನೋಡುವುದು ದೊಡ್ಡ ಆಸ್ಪತ್ರೆ ಎಲ್ಲಿದೆ ಎಂದು.

ನಮ್ಮ ಜಿಲ್ಲೆ ಮಂಗಳೂರಿನ ಆಸ್ಪತ್ರೆಗಳನ್ನು ಎಷ್ಟು ನೆಚ್ಚಿಕೊಂಡಿದೆ ಎಂಬುದು 2020ರ ಮಾರ್ಚ್‌ನಲ್ಲಿ ಎಲ್ಲರಿಗೂ ಕಂಡಿತು. ಲಾಕ್‌ಡೌನ್ ಹೊತ್ತಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದರು. ಮಂಗಳೂರಿಗೆ ಹೋಗಬೇಕಿದ್ದ ರೋಗಿಗಳು ದಾರಿಯಲ್ಲೇ ನಿಂತರು, ಜೀವ ಕಳೆದುಕೊಂಡವರೂ ಇದ್ದರು. ಅಂಥ ವರ್ಷದಲ್ಲಿ ಹೆರಿಗೆ ಎಲ್ಲಿ ಆಯಿತು ಎಂಬುದೇ ಬದಲಾಗಿರುತ್ತದೆ. ಹಾಗಾಗಿ 2019ನ್ನೂ 2020ನ್ನೂ ಅಕ್ಕಪಕ್ಕ ಇಟ್ಟು ಕಾಸರಗೋಡಿನ ಜನನ ದರ ಏರಿತು ಇಳಿಯಿತು ಎನ್ನುವ ಮೊದಲು ಈ ಸಂಗತಿ ನೆನಪಿರಲಿ. ಮಕ್ಕಳು ಜಾಸ್ತಿ ಹುಟ್ಟದೆಯೂ ನಮ್ಮ ದರ ಏರಬಹುದು, ಗಡಿ ಮುಚ್ಚಿದ್ದಷ್ಟರಿಂದಲೇ.

ಇದು ನಡೆದಿದೆಯೋ ಇಲ್ಲವೋ ಎಂದು ಪತ್ತೆ ಹಚ್ಚುವುದು ಹೇಗೆ? ಒಂದು ಸುಲಭ ದಾರಿ ಇದೆ, ನಿಮ್ಮ ಮಕ್ಕಳೇ ಮಾಡಬಹುದು. ಎರಡು ಜಿಲ್ಲೆಗಳನ್ನು ಕೂಡಿಸಿ ಒಂದೇ ಜಿಲ್ಲೆ ಎಂದುಕೊಳ್ಳಿ. ಜನನ 16,000 ಮತ್ತು 36,000, ಒಟ್ಟು 52,000. ಜನ 33,97,024. ದರ 15.3. ಆ 4,000 ಮಕ್ಕಳನ್ನು ಯಾವ ಕಡೆಗೆ ಸೇರಿಸಿದರೂ ಈ ದರ ಕದಲುವುದಿಲ್ಲ, ಯಾಕೆಂದರೆ ಓಡಾಟ ಎಲ್ಲ ಈ ದೊಡ್ಡ ಬೇಲಿಯ ಒಳಗೇ ನಡೆಯಿತು. ಒಂಟಿಯಾಗಿ ನೋಡಿದಾಗ ಒಂದು ಕಡೆ ತುಂಬಾ ಕೆಳಗೆ, ಇನ್ನೊಂದು ಕಡೆ ತುಂಬಾ ಮೇಲೆ, ಕೂಡಿಸಿದಾಗ ಸುತ್ತಲಿನ ಜಿಲ್ಲೆಗಳಿಗೆ ಹತ್ತಿರದ ದರ ಬಂದರೆ ಮಕ್ಕಳು ಗಡಿ ದಾಟಿ ಹುಟ್ಟುತ್ತಿದ್ದಾರೆ ಎಂದು ಅನುಮಾನ ಪಡಬಹುದು. ಮಂಗಳೂರಿಗೆ ಉಡುಪಿ, ಕೊಡಗು ಕಡೆಯಿಂದಲೂ ಜನ ಬರುತ್ತಾರೆ. ಪೂರ್ತಿ ಹಿಡಿಯಬೇಕಾದರೆ ಅವನ್ನೂ ಬೇಲಿಯ ಒಳಗೆ ಸೇರಿಸಿಕೊಳ್ಳಿ.

ಕೂಡಿಸುವಾಗ ಮಕ್ಕಳು ಒಂದು ತಪ್ಪು ಖಂಡಿತ ಮಾಡುತ್ತಾರೆ. 12.2 ಮತ್ತು 17.2 ಸೇರಿಸಿ ಎರಡರಿಂದ ಭಾಗಿಸಿ 14.7 ಎನ್ನುತ್ತಾರೆ. ದರಗಳ ಸರಾಸರಿ ಹೀಗೆ ತೆಗೆಯಬಾರದು. 13 ಲಕ್ಷ ಜನರ ಜಿಲ್ಲೆಗೂ 21 ಲಕ್ಷ ಜನರ ಜಿಲ್ಲೆಗೂ ಸಮ ತೂಕ ಕೊಟ್ಟಂತಾಗುತ್ತದೆ. ಜನನ ಬೇರೆ ಕೂಡಿಸಿ, ಜನ ಬೇರೆ ಕೂಡಿಸಿ, ಆಮೇಲೆ ಭಾಗಿಸಿ. ಈ ತಪ್ಪನ್ನು ತರಗತಿಯಲ್ಲಿ ಒಮ್ಮೆ ಮಾಡಲು ಬಿಟ್ಟು, ಎರಡು ಉತ್ತರ ಯಾಕೆ ಬಂತು ಎಂದು ಕೇಳಿದರೆ ಅವರಿಗೆ ಮರೆಯುವುದಿಲ್ಲ.

ಎರಡನೇ ದಾರಿ, ಪಟ್ಟಿಯ ತಲೆಬರಹ ಓದುವುದು. ಆಸ್ಪತ್ರೆಯವರು ಜನನ ವರದಿ ತುಂಬಿಸುವ ಫಾರಂನಲ್ಲಿ ಎರಡು ಭಾಗ ಇರುತ್ತದೆ. ಒಂದು ಪ್ರಮಾಣಪತ್ರಕ್ಕೆ ಬೇಕಾದದ್ದು, ಇನ್ನೊಂದು ಅಂಕಿಸಂಖ್ಯೆಗೆ. ಆ ಎರಡನೇ ಭಾಗದಲ್ಲಿ ತಾಯಿಯ ವಾಸದ ಊರು, ಜಿಲ್ಲೆ, ರಾಜ್ಯ ಬರೆಯಲು ಜಾಗ ಇದೆ. ಅಂದರೆ ಮಾಹಿತಿ ಇಲ್ಲದೆ ಇಲ್ಲ. ಅದನ್ನು ಹೇಗೆ ವಿಂಗಡಿಸಿದ್ದಾರೆ ಎಂಬುದಷ್ಟೇ ಪ್ರಶ್ನೆ. ಪಟ್ಟಿಯ ಮೇಲೆ 'ಘಟನೆ ನಡೆದ ಸ್ಥಳದ ಪ್ರಕಾರ' ಎಂದಿದ್ದರೆ ಅದು ಆಸ್ಪತ್ರೆಯ ಲೆಕ್ಕ. 'ತಾಯಿಯ ವಾಸಸ್ಥಳದ ಪ್ರಕಾರ' ಎಂದಿದ್ದರೆ ಅದನ್ನೇ ಜನಸಂಖ್ಯೆಯಿಂದ ಭಾಗಿಸಬೇಕು. ಏನೂ ಬರೆದಿಲ್ಲದಿದ್ದರೆ ಆಸ್ಪತ್ರೆಯ ಲೆಕ್ಕ ಎಂದೇ ತಿಳಿದುಕೊಳ್ಳುವುದು ಕ್ಷೇಮ. ರಾಜ್ಯ ಬೇರೆಯಾದಾಗ ಒಂದು ಹೆಚ್ಚಿನ ತೊಡಕಿದೆ. ಒಂದು ರಾಜ್ಯದವರು ತಮ್ಮೊಳಗಿನ ಜಿಲ್ಲೆಗಳ ನಡುವೆ ಮಕ್ಕಳನ್ನು ಸರಿಯಾದ ಊರಿಗೆ ಸೇರಿಸಿದರೂ, ಆಚೆ ರಾಜ್ಯದಲ್ಲಿ ಹುಟ್ಟಿದ ತಮ್ಮ ಮಗು ಅವರ ಫಾರಂಗಳ ಕಟ್ಟಿನಲ್ಲಿ ಇರುವುದಿಲ್ಲ. ಮಲಪ್ಪುರಂನವರು ಕೋಝಿಕ್ಕೋಡಿಗೆ ಹೆರಿಗೆಗೆ ಹೋದರೆ ಎರಡೂ ಕೇರಳವೇ, ಹುಡುಕಿದರೆ ಸಿಗುತ್ತದೆ. ಕಾಸರಗೋಡಿನ ಮಗು ಕರ್ನಾಟಕದ ಕಟ್ಟಿನಲ್ಲಿ ಇರುತ್ತದೆ. ನಮ್ಮ ಜಿಲ್ಲೆಯ ದರ ಕೇರಳದ ಪಟ್ಟಿಗಳಲ್ಲಿ ಕಡಿಮೆ ಕಾಣಲು ಇದು ಸಾಕು.

ಮೂರನೇ ದಾರಿ ಮನೆ ಬಾಗಿಲಿನ ಲೆಕ್ಕ. ಆಶಾ ಕಾರ್ಯಕರ್ತೆಯರ ಪುಸ್ತಕದಲ್ಲಿ ಮಗು ಎಲ್ಲಿ ಹುಟ್ಟಿದರೂ ಮನೆಯಲ್ಲಿ ಇದೆಯಲ್ಲ, ಅದನ್ನು ಬರೆದಿರುತ್ತಾರೆ. ನನಗೆ ಆ ಪುಸ್ತಕಗಳ ಮೇಲೆ ತುಂಬಾ ಗೌರವ. ಛೇದಕ್ಕೆ ಹೊಂದುವ ಅಂಶ ಅಲ್ಲಿ ಸಿಗುತ್ತದೆ. ರಾಜ್ಯ ಮಟ್ಟದ ಜನನ ದರವನ್ನು ಪ್ರಕಟಿಸುವ ಮಾದರಿ ನೋಂದಣಿ ಪದ್ಧತಿಯೂ ಮನೆಗಳನ್ನೇ ಹಿಡಿದು ಎಣಿಸುತ್ತದೆ. ಅದರ ಪ್ರಕಾರ 2020ರಲ್ಲಿ ಕೇರಳದ ಜನನ ದರ ಸಾವಿರಕ್ಕೆ 13.2. ಜಿಲ್ಲೆಯ ಲೆಕ್ಕ ಇದರಿಂದ ಬಹಳ ದೂರ ಹೋದಾಗ ಒಮ್ಮೆ ನಿಂತು ಯೋಚಿಸಬೇಕು. ದೂರ ಹೋದ ಮಾತ್ರಕ್ಕೆ ತಪ್ಪು ಎಂದಲ್ಲ. ಮಲಪ್ಪುರಂ ಎಳೆಯರ ಜಿಲ್ಲೆ, ಅಲ್ಲಿನ ದರ ರಾಜ್ಯದ ಸರಾಸರಿಗಿಂತ ಮೇಲೆ ಇರುವುದು ಸಹಜ.

ಇನ್ನು ಛೇದದ ವರ್ಷ. ನಾನು ಮೇಲೆ 2011ರ ಜನಸಂಖ್ಯೆಯಿಂದ ಭಾಗಿಸಿದೆ. ನಿಮ್ಮ ಜನನಗಳು 2011ರವೇ ಆಗಿದ್ದರೆ ಸರಿ. 2021ರವಾಗಿದ್ದರೆ? ಜನಗಣತಿ ಆಮೇಲೆ ಆಗಿಲ್ಲ, ಮುಂದಿನದಕ್ಕೆ 2027ರ ಮಾರ್ಚ್ 1 ಎಂದು ದಿನ ಗೊತ್ತು ಮಾಡಿದ್ದಾರೆ. ಅಲ್ಲಿಯವರೆಗೆ ನಾವೇ ಅಂದಾಜು ಮಾಡಿಕೊಳ್ಳಬೇಕು. 2001ರಲ್ಲಿ ಕಾಸರಗೋಡಿನಲ್ಲಿ 12,04,078 ಜನ ಇದ್ದರು. ಹತ್ತು ವರ್ಷದಲ್ಲಿ ಏರಿದ್ದು 1,03,297, ಅಂದರೆ ವರ್ಷಕ್ಕೆ ಸುಮಾರು 10,330. ಅದೇ ವೇಗ ಮುಂದುವರಿಯಿತು ಎಂದುಕೊಂಡರೆ 2021ರ ಜುಲೈ 1ಕ್ಕೆ 14 ಲಕ್ಷ 14 ಸಾವಿರದಷ್ಟು. ಜುಲೈ 1 ಯಾಕೆಂದರೆ ಮಕ್ಕಳು ಜನವರಿಯಿಂದ ಡಿಸೆಂಬರ್‌ವರೆಗೆ ಹುಟ್ಟುತ್ತಾರೆ, ವರ್ಷದ ನಡುವಿನ ಜನಸಂಖ್ಯೆ ಇಡೀ ವರ್ಷಕ್ಕೆ ಒಪ್ಪುತ್ತದೆ. 16,000 ಜನನಕ್ಕೆ ಈಗ ದರ 11.3, ಹಳೆಯ ಛೇದದಲ್ಲಿ 12.2 ಇತ್ತು.

ಎಲ್ಲ ಜಿಲ್ಲೆಗೂ ಒಂದೇ ಹಳೆಯ ವರ್ಷ ಹಾಕಿದರೆ ಹೋಲಿಕೆ ಕೆಡುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ, ಯಾಕೆಂದರೆ ಜಿಲ್ಲೆಗಳು ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. 2001ರಿಂದ 2011ರ ಒಳಗೆ ಕಾಸರಗೋಡು ನೂರಕ್ಕೆ 8.6ರಷ್ಟು ಬೆಳೆಯಿತು, ಮಲಪ್ಪುರಂ 13.4ರಷ್ಟು. ಪತ್ತನಂತಿಟ್ಟದಲ್ಲಿ ಜನ ಕಡಿಮೆಯೇ ಆದರು, 12,34,016 ಇದ್ದವರು 11,97,412 ಆದರು. ಹಳೆಯ ಛೇದ ಬಳಸಿದರೆ ಬೇಗ ಬೆಳೆಯುವ ಜಿಲ್ಲೆಯ ದರ ಇದ್ದದ್ದಕ್ಕಿಂತ ಎತ್ತರ ಕಾಣುತ್ತದೆ. ಮಲಪ್ಪುರಂನ 80,000 ಜನನಗಳನ್ನು ಇದೇ ರೀತಿ 2021ರ ಅಂದಾಜಿನಿಂದ ಭಾಗಿಸಿದರೆ 19.5 ಇದ್ದದ್ದು 17.3ಕ್ಕೆ ಬರುತ್ತದೆ. ನಮ್ಮದು ಒಂದರಷ್ಟು ಇಳಿದರೆ ಅವರದ್ದು ಎರಡರಷ್ಟು ಇಳಿಯಿತು. ಆದರೆ ಈ ನೇರ ಗೆರೆಯ ಅಂದಾಜನ್ನೂ ಪೂರ್ತಿ ನಂಬಬೇಡಿ. ಮಕ್ಕಳ ಸಂಖ್ಯೆ ಇಳಿಯುತ್ತಾ ಬಂದಿರುವಾಗ ಜನಸಂಖ್ಯೆ ಹಳೆಯ ವೇಗದಲ್ಲೇ ಏರಿರಲಾರದು. ಚಾರ್ಟಿನ ಕೆಳಗೆ ಛೇದ ಎಲ್ಲಿಂದ ಬಂತು ಎಂದು ಒಂದು ಸಾಲು ಬರೆಯಿರಿ.

ಆಂಧ್ರದ ಗಡಿಯ ಕನ್ನಡ ಶಾಲೆಯವರಾಗಿದ್ದರೆ ಇನ್ನೊಂದು ಎಚ್ಚರ ಬೇಕಿತ್ತು. 2022ರ ಏಪ್ರಿಲ್‌ನಲ್ಲಿ ಅಲ್ಲಿ 13 ಜಿಲ್ಲೆಗಳನ್ನು 26 ಮಾಡಿದರು. 2011ರ ಅನಂತಪುರದ 40.8 ಲಕ್ಷ ಜನರಲ್ಲಿ ಹಿಂದೂಪುರ, ಮಡಕಶಿರಾದವರೂ ಇದ್ದಾರೆ. ಅವರು ಈಗ ಬೇರೆ ಜಿಲ್ಲೆ. ಹೊಸ ಅನಂತಪುರದ ಜನನಗಳನ್ನು ಆ ಹಳೆಯ 40.8 ಲಕ್ಷದಿಂದ ಭಾಗಿಸಿದರೆ ದರ ಅರ್ಧಕ್ಕರ್ಧ ಕುಸಿಯುತ್ತದೆ. ಹೆಸರು ಒಂದೇ ಇದ್ದರೂ ಬೇಲಿ ಬೇರೆ. ಕಾಸರಗೋಡಿಗೆ ಈ ತೊಂದರೆ ಇಲ್ಲ, 1984ರಲ್ಲಿ ಕಣ್ಣೂರಿನಿಂದ ಬೇರೆಯಾದ ಮೇಲೆ ಜಿಲ್ಲೆ ಹಾಗೇ ಇದೆ.

ಜನನದ ಚಾರ್ಟ್ ಮುಗಿದ ಮೇಲೆ ಮಕ್ಕಳು ಮರಣದ್ದೂ ಮಾಡೋಣ ಎನ್ನಬಹುದು. ಅಲ್ಲಿ ಸಾವಿರಕ್ಕೆ ಇಳಿಸಿದರೂ ಮುಗಿಯದ ಒಂದು ವಿಷಯ ಇದೆ. ಅದೇ ಮಾದರಿ ನೋಂದಣಿಯ 2020ರ ಲೆಕ್ಕದಲ್ಲಿ ಕೇರಳದ ಮರಣ ದರ ಸಾವಿರಕ್ಕೆ 7.0, ಬಿಹಾರದ್ದು 5.4. ಹಾಗಾದರೆ ಬಿಹಾರದವರ ಆರೋಗ್ಯ ನಮ್ಮದಕ್ಕಿಂತ ಚೆನ್ನಾಗಿದೆಯಾ? ಇಲ್ಲ. ಒಂದು ವರ್ಷ ತುಂಬುವ ಮೊದಲು ತೀರಿಕೊಳ್ಳುವ ಶಿಶುಗಳು ಅದೇ ವರ್ಷ ಕೇರಳದಲ್ಲಿ ಸಾವಿರ ಜನನಕ್ಕೆ 6, ಬಿಹಾರದಲ್ಲಿ 27. ಗುಟ್ಟು ವಯಸ್ಸಿನಲ್ಲಿದೆ. 2011ರಲ್ಲಿ ಕೇರಳದಲ್ಲಿ ನೂರಕ್ಕೆ 12.6 ಜನ 60 ದಾಟಿದವರು, ಬಿಹಾರದಲ್ಲಿ 7.4. ವಯಸ್ಸಾದವರು ಜಾಸ್ತಿ ಇರುವ ಕಡೆ ಸಾವು ಜಾಸ್ತಿ.

ಇದನ್ನು ಹಲಗೆಯ ಮೇಲೆ ಎರಡು ನಿಮಿಷದಲ್ಲಿ ತೋರಿಸಬಹುದು. ಎರಡು ಊರುಗಳು, ಎರಡರಲ್ಲೂ ಸಾವಿರ ಜನ. ಎರಡರಲ್ಲೂ 60ಕ್ಕಿಂತ ಕೆಳಗಿನವರ ಮರಣ ದರ ಸಾವಿರಕ್ಕೆ 2, ಮೇಲಿನವರದ್ದು ಸಾವಿರಕ್ಕೆ 40. ಅಂದರೆ ಆರೋಗ್ಯ ಎಲ್ಲ ವಯಸ್ಸಿನಲ್ಲೂ ಸಮ. ಮೊದಲ ಊರಿನಲ್ಲಿ ವಯಸ್ಸಾದವರು 100, ಎರಡನೆಯದರಲ್ಲಿ 200. ಮೊದಲ ಊರಿನ ಸಾವು 1.8 ಮತ್ತು 4, ಒಟ್ಟು 5.8. ಎರಡನೆಯದರಲ್ಲಿ 1.6 ಮತ್ತು 8, ಒಟ್ಟು 9.6. ಯಾವ ವಯಸ್ಸಿನವರಿಗೂ ಅಪಾಯ ಹೆಚ್ಚಿಲ್ಲ, ಆದರೂ ದರ ಒಂದೂವರೆ ಪಟ್ಟಿಗಿಂತ ಮೇಲೆ ಹೋಯಿತು. ಪತ್ತನಂತಿಟ್ಟವನ್ನೂ ಮಲಪ್ಪುರಂಅನ್ನೂ ಒಟ್ಟು ಮರಣ ದರದಲ್ಲಿ ಹೋಲಿಸಿದರೆ ಇದೇ ಆಗುತ್ತದೆ. ಅಲ್ಲಿ ವಯಸ್ಸಿನ ಗುಂಪು ಮಾಡಿ, ಒಂದೊಂದು ಗುಂಪಿನ ದರವನ್ನು ಬೇರೆ ಬೇರೆ ಹೋಲಿಸಬೇಕು. ಅಷ್ಟು ವಿವರ ಸಿಗದಿದ್ದರೆ ಮರಣದ ಚಾರ್ಟ್ ಮಾಡದಿರುವುದೇ ಮೇಲು ಎಂದು ನನ್ನ ಅಭಿಪ್ರಾಯ.

ಈಗ ನಿಮ್ಮ ಶಾಲೆಗೆ ಬರೋಣ. ನಮ್ಮ ಕಡೆಯ ಎಷ್ಟು ಮಕ್ಕಳು ಆಚೆ ಹುಟ್ಟುತ್ತಾರೆ ಎಂಬ ಪ್ರಶ್ನೆಗೆ ಉತ್ತರದ ಒಂದು ತುಣುಕು ನಿಮ್ಮ ಶಾಲೆಯಲ್ಲೇ ಇದೆ. ಪ್ರತಿ ಮಗುವಿನ ಹತ್ತಿರ ಎರಡು ಪ್ರಶ್ನೆ ಕೇಳಿ. ನಿನ್ನ ಜನನ ಪ್ರಮಾಣಪತ್ರ ಯಾವ ಊರಿನದ್ದು? ನೀನು ಹುಟ್ಟಿದಾಗ ನಿನ್ನ ಅಮ್ಮ ವಾಸ ಇದ್ದದ್ದು ಯಾವ ಪಂಚಾಯತ್‌ನಲ್ಲಿ? ಎರಡನೇ ಪ್ರಶ್ನೆ ಬಿಡಬೇಡಿ. ಆಗ ಮಂಗಳೂರಿನಲ್ಲೇ ಇದ್ದು ಆಮೇಲೆ ಇಲ್ಲಿಗೆ ಬಂದ ಮನೆಯವರು ಈ ಲೆಕ್ಕಕ್ಕೆ ಬರುವುದಿಲ್ಲ. ತವರಿಗೆ ಬಂದದ್ದನ್ನು ವಾಸ ಎಂದು ಹೇಳಿಯಾರು, ಅದನ್ನೂ ಕೇಳಿ ತಿಳಿದುಕೊಳ್ಳಿ.

ಒಂದೇ ತರಗತಿ ಸಾಲದು. 40 ಮಕ್ಕಳಲ್ಲಿ 10 ಮಂದಿ ಆಚೆ ಹುಟ್ಟಿದವರು ಎಂದು ಬಂದರೆ, ಪಕ್ಕದ ಡಿವಿಷನ್‌ನಲ್ಲಿ 6 ಬರಬಹುದು, 14 ಬರಬಹುದು, ಏನೂ ವಿಶೇಷ ಕಾರಣ ಇಲ್ಲದೆ. ಸಣ್ಣ ಎಣಿಕೆಗಳು ಹೀಗೆ ಕುಣಿಯುತ್ತವೆ. ಅಪರೂಪಕ್ಕೆ ನಡೆಯುವ ಸಂಗತಿಗಳಿಗೆ ನಾವು ಬಳಸುವ ಒಂದು ಒರಟು ಅಳತೆ ಇದೆ. ಎಣಿಕೆಯ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ, ಅಷ್ಟು ಆಚೀಚೆ ಆಗುವುದು ಬರೀ ಆಕಸ್ಮಿಕ. 20,000 ಜನರ ಪಂಚಾಯತ್‌ನಲ್ಲಿ ಒಂದು ಕಾಯಿಲೆ ಒಂದು ವರ್ಷ 4 ಜನಕ್ಕೆ, ಮರುವರ್ಷ 8 ಜನಕ್ಕೆ ಬಂದರೆ ಸಾವಿರಕ್ಕೆ 0.2 ಇದ್ದದ್ದು 0.4 ಆಯಿತು, ದುಪ್ಪಟ್ಟಾಯಿತು ಎಂದು ಸುದ್ದಿಯಾಗುತ್ತದೆ. ಆದರೆ 4ರ ಆಚೀಚೆ 4 ಎಂದರೆ 0ಯಿಂದ 8. ದುಪ್ಪಟ್ಟಾದದ್ದೂ ಆ ಮಿತಿಯ ಒಳಗೇ ಇದೆ. ಅದೇ 16,000 ಜನನಕ್ಕೆ ಆಚೀಚೆ ಸುಮಾರು 250 ಮಾತ್ರ, ದರ 12.0ರಿಂದ 12.4ರ ಒಳಗೆ ನಿಲ್ಲುತ್ತದೆ. ಜಿಲ್ಲೆಯ ಜನನ ದರಗಳನ್ನು ಧೈರ್ಯವಾಗಿ ಹೋಲಿಸಬಹುದು, ಪಂಚಾಯತ್‌ನ ಅಪರೂಪದ ಕಾಯಿಲೆಯದ್ದನ್ನು ಐದು ವರ್ಷ ಕೂಡಿಸದೆ ಹೋಲಿಸಬಾರದು.

ಹಾಗಾಗಿ ಇಡೀ ಶಾಲೆಯನ್ನು ಕೇಳಿ. 400 ಮಕ್ಕಳಲ್ಲಿ 100 ಮಂದಿ ಆಚೆ ಹುಟ್ಟಿದವರು ಎಂದು ಬಂದರೆ 83ರಿಂದ 117ರ ಒಳಗೆ ಎಂದು ಹೇಳುವಷ್ಟು ಗಟ್ಟಿ ಇರುತ್ತದೆ. ನಾಲ್ಕರಲ್ಲಿ ಒಂದು ಎಂಬುದು ಅಪರೂಪವಲ್ಲ, ಹಾಗಾಗಿ ಇಲ್ಲಿ ಮಿತಿ ಆ ಒರಟು ಅಳತೆಗಿಂತ ಸ್ವಲ್ಪ ಕಿರಿದು. ಆದರೆ ಆ ಪಾಲನ್ನು ಇಡೀ ಕಾಸರಗೋಡು ಜಿಲ್ಲೆಗೆ ಹಚ್ಚಬೇಡಿ. ಮಂಜೇಶ್ವರ ಮಂಗಳೂರಿನ ಬಾಗಿಲಲ್ಲೇ ಇದೆ. ನೀಲೇಶ್ವರ, ತೃಕ್ಕರಿಪುರದವರಿಗೆ ಪಯ್ಯನ್ನೂರು, ಪರಿಯಾರಂ ಹತ್ತಿರ, ಅವರ ಮಕ್ಕಳು ಕಣ್ಣೂರು ಜಿಲ್ಲೆಯ ಲೆಕ್ಕದಲ್ಲಿ ಇರುತ್ತಾರೆ. ಆ ಕಡೆಯ ಒಬ್ಬರು ಗಣಿತ ಟೀಚರ್ ಪರಿಚಯ ಇದ್ದರೆ ಅವರ ಶಾಲೆಯಲ್ಲೂ ಇದೇ ಎರಡು ಪ್ರಶ್ನೆ ಕೇಳಲು ಹೇಳಿ, ಮೇಳದಲ್ಲಿ ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ಇಡಿ.